ರೊಟ್ಟಿ ಜಾತ್ರಿಗೆ ಹೋಗ್ಯಾವ: ಖಾಲಿಯಾದ ಸಾಮಾನಿನ ಪುಟದಲ್ಲಿ ಏನು ಬರೀಬೇಕು?

ಉಗರಗೋಳದಿಂದ ಮಾತಾಡ್ತಾ ಇದೀನಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂದವರು ನಮ್ಮೂರನ್ನ ನೋಡೇ ಇರ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ. ಇವತ್ತಿನ ಸಂಚಿಕೆ ಬಹಳ ಸಣ್ಣ ವಿಷಯದ ಬಗ್ಗೆ. ಎರಡು ಸಾಲಿನ ಬಗ್ಗೆ. ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಖಾಲಿ ಆದಾಗ ಪರದೆ ಮೇಲೆ ಬರುತ್ತಲ್ಲ, ಆ ಎರಡು ಸಾಲು. ಅದನ್ನ ಸ್ವಲ್ಪ ತಮಾಷೆಯಾಗಿ ಬರೆಯೋಣ ಅಂತ ಹೋಗಿ ನಾನು ನಾಲ್ಕು ಸಲ ಬಿದ್ದೆ. ನಾಲ್ಕನೇ ಸಲ ಬಿದ್ದಾಗ ಒಬ್ಬ ಒಳ್ಳೆ ಗಿರಾಕಿನ ಕಳಕೊಂಡ್ವಿ. ಆ ಕಥೆ ಇವತ್ತು.

ಮೊದಲು ಅಂಗಡಿ ಯಾವುದು ಅಂತ ಹೇಳ್ತೀನಿ. ನಮ್ಮ ಕಾಕು ಮತ್ತೆ ಓಣಿಯ ನಾಲ್ಕು ಹೆಣ್ಣುಮಕ್ಕಳು ಸೇರಿ ರೊಟ್ಟಿ ಬಡೀತಾರೆ. ಜೋಳದ ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಒಂದು ದಿನಕ್ಕೆ ಹೆಚ್ಚು ಅಂದ್ರೆ 40 ಪ್ಯಾಕೆಟ್ ರೊಟ್ಟಿ, ಪ್ಯಾಕೆಟಿಗೆ 10. ಐದು ಜನರ ಕೈ ಅಷ್ಟೇ ಇರೋದು, ಮಷೀನ್ ಇಲ್ಲ. ನಾನು ಬಿ.ಕಾಂ. ಓದಿದವನು. ಲೆಕ್ಕ ಬರಿತೀನಿ, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಹಾಕಿ ಒಂದು ಸಣ್ಣ ಅಂಗಡಿ ಮಾಡಿಕೊಟ್ಟೆ. ಐದು ಜನ ಕೈಯಿಂದ ಮಾಡೋ ಅಂಗಡಿ ಅಂದಮೇಲೆ ಸಾಮಾನು ಖಾಲಿ ಆಗೋದು ಅಪರೂಪಕ್ಕೆ ನಡೆಯೋ ಎಡವಟ್ಟಲ್ಲ, ವಾರಕ್ಕೆರಡು ಸಲ ಆಗೋ ಮಾತು. ಅಂದ್ರೆ ನಮ್ಮ ಅಂಗಡಿಯಲ್ಲಿ ಜನ ಜಾಸ್ತಿ ಓದೋ ಬರಹ ಯಾವುದು ಗೊತ್ತೇನ್ರಿ? ರೊಟ್ಟಿಯ ವರ್ಣನೆ ಅಲ್ಲ. "ಖಾಲಿ" ಅನ್ನೋ ಪುಟ.

ವೂಕಾಮರ್ಸ್ ತಾನಾಗೇ ತೋರಿಸೋದು `Out of stock` ಅಂತ. ಅದನ್ನ ಬದಲಿಸಬಹುದು. `woocommerce_get_availability_text` ಅಂತ ಒಂದು ಫಿಲ್ಟರ್ ಇದೆ, ಥೀಮಿನ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಅಲ್ಲಿ ನಮ್ಮ ಮಾತು ಬರುತ್ತೆ. ನನಗೆ ಆಸೆ ಆಯ್ತು. ಅಂಗಡಿ ನಮ್ಮದು, ಮಾತೂ ನಮ್ಮದೇ ಇರಲಿ ಅಂತ.

2025ರ ಸಂಕ್ರಾಂತಿ. ಭೋಗಿಗೆ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇ ಬೇಕು. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಸಜ್ಜಿ ರೊಟ್ಟಿ ಖಾಲಿ. ನಾನು ಬರೆದೆ: "ನಾಳೆ ಬಾ". ಅಷ್ಟೇ, ಎರಡು ಶಬ್ದ. 90ರ ದಶಕದಲ್ಲಿ ಊರೂರಲ್ಲಿ ಬಾಗಿಲ ಮೇಲೆ ಬರೀತಿದ್ರಲ್ಲ, ರಾತ್ರಿ ಬಂದು ಬಾಗಿಲು ಬಡಿಯೋ ದೆವ್ವ ಅದನ್ನ ಓದಿ ವಾಪಸ್ ಹೋಗಲಿ ಅಂತ. 2018ರ ಹಿಂದಿ ಸಿನಿಮಾ 'ಸ್ತ್ರೀ'ಯಲ್ಲೂ ಗೋಡೆ ಮೇಲೆ ಇಂಥದ್ದೇ ಬರಹ ಇದೆ. ಎಲ್ಲರಿಗೂ ಗೊತ್ತಿರೋ ಮಾತು, ನಗ್ತಾರೆ ಅಂದುಕೊಂಡೆ. ಮೊದಲ ದಿನ ನಕ್ಕರು ಕೂಡ. ಇಬ್ಬರು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿಕೊಂಡ್ರು.

ಮೂರನೇ ದಿನ ಧಾರವಾಡದಿಂದ ಒಬ್ಬ ಅಜ್ಜಿ ಫೋನ್ ಮಾಡಿದ್ರು. "ಏನಪಾ ತಮ್ಮಾ, ಮೂರು ದಿನದಿಂದ ನಾಳೆ ಬಾ ನಾಳೆ ಬಾ ಅಂತೈತಿ ನಿಮ್ಮ ಅಂಗಡಿ. ನಾ ಏನ್ ದೆವ್ವ ಆಗೇನೇನು?"

ನಾನು ನಕ್ಕೆ. ಅವರು ನಗಲಿಲ್ಲ. ಅವರು ಮೂರು ದಿನ, ದಿನಾ ಬೆಳಿಗ್ಗೆ, ಮೊಮ್ಮಗಳ ಮೊಬೈಲ್ ಈಸಿಕೊಂಡು ನೋಡಿದ್ದಾರೆ. ನಾವು "ನಾಳೆ" ಅಂದಿದ್ದನ್ನ ನಿಜವಾದ ನಾಳೆ ಅಂತ ನಂಬಿದ್ದಾರೆ. ಈಗ ಯೋಚನೆ ಮಾಡಿ ನೋಡ್ರಿ. ಬಾಗಿಲ ಮೇಲಿನ "ನಾಳೆ ಬಾ" ಕೆಲಸ ಮಾಡೋದೇ ಆ ನಾಳೆ ಯಾವತ್ತೂ ಬರೋದಿಲ್ಲ ಅನ್ನೋ ಕಾರಣಕ್ಕೆ. ಕಿರಾಣಿ ಅಂಗಡಿಯ "ಇಂದು ನಗದು, ನಾಳೆ ಉದ್ರಿ" ಕೂಡ ಹಂಗೇ. ಎರಡೂ ಬಂದವರನ್ನ ನಯವಾಗಿ ವಾಪಸ್ ಕಳಿಸೋ ಮಾತು. ನಾವು ರೊಟ್ಟಿ ಬೇಕು ಅಂತ ಬಂದವರನ್ನ ವಾಪಸ್ ಕಳಿಸೋ ಮಾತು ಹಾಕಿ ಕೂತಿದ್ವಿ. ಅಲ್ಲಿ ಇರಬೇಕಾಗಿದ್ದ ಒಂದೇ ಒಂದು ಸಂಗತಿ ಇರಲಿಲ್ಲ: ಯಾವ ತಾರೀಖಿಗೆ ಬರುತ್ತೆ?

ಸರಿ, ಅದನ್ನ ತೆಗೆದೆ. ಜನವರಿ ಕೊನೆಗೆ ಶೇಂಗಾ ಚಟ್ನಿ ತೀರಿತು. ಈ ಸಲ ಕಾಕು ತಾವೇ ಹೇಳಿಕೊಟ್ರು. ಮನೆಯಲ್ಲಿ ಎಣ್ಣೆ, ಉಪ್ಪು, ಅಕ್ಕಿ ತೀರಿದಾಗ "ಇಲ್ಲ" ಅನ್ನೋದಿಲ್ಲ ನಮ್ಮ ಮನೆಯಲ್ಲಿ. "ಹೆಚ್ಚಾಗೇತಿ" ಅಂತಾರೆ. ದೀಪ ಆರಿಸು ಅನ್ನೋದಿಲ್ಲ, ದೊಡ್ಡದು ಮಾಡು ಅಂತಾರಲ್ಲ, ಹಂಗೆ. "ಅಂಗಡ್ಯಾಗ ಇಲ್ಲ ಇಲ್ಲ ಅಂತ ಬರೀಬ್ಯಾಡೋ ತಮ್ಮಾ, ಅದು ಚಲೋ ಅಲ್ಲ. ಹೆಚ್ಚಾಗೇತಿ ಅಂತ ಬರಿ," ಅಂದ್ರು. ನನಗೆ ಬಹಳ ಖುಷಿ ಆಯ್ತು. ಎಷ್ಟು ಚೆಂದದ ಮಾತು ಅಲ್ಲೇನ್ರಿ? "ಶೇಂಗಾ ಚಟ್ನಿ ಹೆಚ್ಚಾಗೇತಿ ರೀ" ಅಂತ ಹಾಕಿದೆ.

ಅವತ್ತು ಒಂಬತ್ತು ಫೋನ್ ಬಂತು. ಬೆಂಗಳೂರು, ಮೈಸೂರು, ಒಬ್ಬರು ಪುಣೆಯಿಂದ. ಎಲ್ಲರದೂ ಒಂದೇ ಪ್ರಶ್ನೆ: "ಚಟ್ನಿ ಜಾಸ್ತಿ ಇದೆ ಅಂತ ಬರೆದಿದ್ದೀರ, ಆದ್ರೆ ಖರೀದಿ ಬಟನ್ನೇ ಕಾಣ್ತಿಲ್ಲ, ಏನು ತೊಂದರೆ?" ಒಬ್ಬರಂತೂ ಹೆಚ್ಚಾಗಿದ್ರೆ ರೇಟ್ ಕಮ್ಮಿ ಮಾಡ್ತೀರಾ ಅಂತ ಕೇಳಿದ್ರು. ಅವರದೇನು ತಪ್ಪು? ಹೆಚ್ಚಾಗಿದೆ ಅಂದ್ರೆ ಹೆಚ್ಚಾಗಿದೆ.

ನಾನು ಗಡಿಬಿಡಿಯಲ್ಲಿ "ಚಟ್ನಿ ಆಗೇತಿ" ಅಂತ ಬದಲಿಸಿದೆ. ಅದು ಇನ್ನೂ ಕಷ್ಟ. ನಮ್ಮ ಕಡೆ "ಉಪ್ಪಿಟ್ಟು ಆತು" ಅಂದ್ರೆ ಒಲೆಯಿಂದ ಇಳಿದಿದೆ ಅಂತಲೂ ಆಗುತ್ತೆ, ಪಾತ್ರೆ ಖಾಲಿ ಅಂತಲೂ ಆಗುತ್ತೆ. ಎದುರಿಗೆ ನಿಂತವನಿಗೆ ಮುಖ ನೋಡಿ, ಕೈ ನೋಡಿ, ಪಾತ್ರೆ ನೋಡಿ ಅರ್ಥ ಆಗುತ್ತೆ. ಪರದೆಗೆ ಮುಖ ಎಲ್ಲಿದೆ? ಅವತ್ತು ನಾನು ಒಂದು ನಿಯಮ ಹಾಕಿಕೊಂಡೆ. "ಖಾಲಿ" ಅನ್ನೋ ಶಬ್ದ ಆ ಪುಟದಲ್ಲಿ ಇದ್ದೇ ಇರಬೇಕು. ಬೀದರಿನವರಿಗೂ ಚಾಮರಾಜನಗರದವರಿಗೂ ಅರ್ಥ ಆಗೋ ಶಬ್ದ ಅದು. ತಮಾಷೆ ಅದರ ಮುಂದೆ ಬರಲಿ, ಹಿಂದೆ ಬರಲಿ, ಅದರ ಜಾಗದಲ್ಲಿ ಬರಬಾರದು.

ಕಾಕುಗೆ ಬೇಜಾರಾಯ್ತು. ಆಮೇಲೆ ಅವರೇ ಒಂದು ದಾರಿ ಹುಡುಕಿದ್ರು, ಅದಕ್ಕೆ ಕೊನೆಗೆ ಬರ್ತೀನಿ.

ಮೂರನೇ ಎಡವಟ್ಟು ಬರಹದ್ದಲ್ಲ, ಜಾಗದ್ದು. ಫೆಬ್ರವರಿ ಮೊದಲ ವಾರ. ಫೋನ್ ಬರೋ ಕಾಟ ತಪ್ಪಲಿ ಅಂತ ನಾನು ಖಾಲಿಯಾದ ಚಟ್ನಿಯನ್ನ ಅಂಗಡಿಯಿಂದಲೇ ತೆಗೆದುಬಿಟ್ಟೆ. ಅಂದ್ರೆ ಆ ಪುಟವನ್ನೇ ಟ್ರ್ಯಾಶ್‌ಗೆ ಹಾಕಿದೆ. ಅದರ ಲಿಂಕ್ ಒತ್ತಿದವರಿಗೆ 404 ಪುಟ ಬರೋಕೆ ಶುರುವಾಯ್ತು. 404 ಪುಟಕ್ಕೂ ನಾನು ತಮಾಷೆ ಬರೆದಿದ್ದೆ: "ದಾರಿ ತಪ್ಪೀರಿ, ಜೋಗುಳಬಾವಿ ಕಡೆ ಹೊಂಟೀರೇನು?" ಅಂತ.

ಈಗ ವಾಟ್ಸಾಪಿನಲ್ಲಿ ಯಾರೋ ಅಕ್ಕ ಇನ್ನೊಬ್ಬ ಅಕ್ಕನಿಗೆ ಚಟ್ನಿಯ ಲಿಂಕ್ ಕಳಿಸಿದ್ದಾರೆ ಅಂತ ಇಟ್ಕೊಳ್ಳಿ. ಆಕೆ ಒತ್ತಿದರೆ "ದಾರಿ ತಪ್ಪೀರಿ" ಅಂತ ಬರುತ್ತೆ. ಆಕೆ ದಾರಿ ತಪ್ಪಿಲ್ಲ, ಸರಿಯಾದ ಬಾಗಿಲಿಗೇ ಬಂದಿದ್ದಾಳೆ. 404 ಅನ್ನೋ ಸಂಖ್ಯೆಗೆ ಅರ್ಥ "ನೀವು ಕೇಳಿದ ಪುಟ ಇಲ್ಲಿ ಸಿಗಲಿಲ್ಲ" ಅಂತ. ಸಾಮಾನು ಖಾಲಿ ಅನ್ನೋದು ಬೇರೆಯೇ ಮಾತು. ಪುಟ ಇದೆ, ಚಟ್ನಿ ಇದೆ, ಡಬ್ಬಿ ಮಾತ್ರ ಇವತ್ತು ಬರಿದು. ಎರಡನ್ನೂ ಒಂದೇ ಮಾಡಿದರೆ ಅಂಗಡಿನೇ ಮುಚ್ಚಿದಾರೆ ಅಂತ ಜನ ತಿಳಕೊಳ್ತಾರೆ. ತಿಳಕೊಂಡರು ಕೂಡ. ಗೂಗಲ್ ಕೂಡ ಹಂಗೇ ತಿಳಕೊಳ್ಳುತ್ತೆ, 404 ಕೊಡೋ ಪುಟವನ್ನ ಸ್ವಲ್ಪ ದಿನದಲ್ಲಿ ಹುಡುಕಾಟದ ಪಟ್ಟಿಯಿಂದ ಕೈಬಿಡುತ್ತೆ. ಆಮೇಲೆ ನಾನು ಹೊಸದಾಗಿ ಪುಟ ಮಾಡಿದರೆ ಹಳೆ ಗಿರಾಕಿಗಳು ಬರೆದ ಅಭಿಪ್ರಾಯ ಅದರಲ್ಲಿ ಇರೋದಿಲ್ಲ.

ಸರಿಯಾದ ದಾರಿ ಸುಲಭ ಇದೆ. ಪುಟವನ್ನ ಹಾಗೇ ಬಿಡಬೇಕು, ಚಿತ್ರ, ಬೆಲೆ, ತೂಕ ಎಲ್ಲ ಇರಬೇಕು. ಸ್ಟಾಕ್ ಸ್ಥಿತಿ ಮಾತ್ರ `Out of stock` ಅಂತ ಬದಲಿಸಬೇಕು. ಆಗ ಮಷೀನಿಗೆ ಹೋಗೋ ಮಾಹಿತಿಯಲ್ಲಿ `OutOfStock` ಅಂತ ವೂಕಾಮರ್ಸೇ ಬರೆದುಕೊಳ್ಳುತ್ತೆ. ಮಷೀನಿನ ಮಾತು ಮಷೀನಿಗೆ ಸಿಕ್ಕಿತು, ಇನ್ನು ಮನುಷ್ಯರು ಓದೋ ಸಾಲಿನಲ್ಲಿ ನೀವು ಸ್ವಲ್ಪ ನಗಿಸಬಹುದು. ಆದರೆ ಪೂರ್ತಿ ಪುಟ ತೆಗೆದು ಬರೀ ಒಂದು ಜೋಕ್ ಇಡಬೇಡಿ. ಸಾಮಾನಿನ ವಿವರ ಏನೂ ಇಲ್ಲದ, "ಇಲ್ಲ" ಅನ್ನೋ ಒಂದು ಸಾಲು ಮಾತ್ರ ಇರೋ ಪುಟವನ್ನ ಗೂಗಲ್ ಇಲ್ಲದ ಪುಟ ಅಂತಲೇ ಲೆಕ್ಕ ಹಾಕಬಹುದು.

ಇಲ್ಲಿ ಅಮೆಜಾನ್ ಮಾಡೋದನ್ನ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಅವರ ಅಂಗಡಿಯಲ್ಲಿ ಇಲ್ಲದ ಪುಟಕ್ಕೆ ಹೋದರೆ ಒಂದು ನಾಯಿಯ ಫೋಟೋ ಬರುತ್ತೆ, ಅಲ್ಲಿ ಕೆಲಸ ಮಾಡೋರ ನಾಯಿಗಳ ಫೋಟೋ ಅವು. ಮುದ್ದಾಗಿರುತ್ತೆ. ಆದರೆ ಅದೇ ಅಂಗಡಿಯಲ್ಲಿ ಸಾಮಾನು ಖಾಲಿ ಆಗಿದ್ದರೆ ನಾಯಿ ಬರೋದಿಲ್ಲ. ಸದ್ಯಕ್ಕೆ ಸಿಗೋದಿಲ್ಲ, ಮತ್ತೆ ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ ಗೊತ್ತಿಲ್ಲ ಅಂತ ಒಣ ಇಂಗ್ಲಿಷಿನಲ್ಲಿ ಬರೆದಿರ್ತಾರೆ. ದಾರಿ ತಪ್ಪಿದವನಿಗೆ ಕಳಕೊಳ್ಳೋಕೆ ಏನೂ ಇಲ್ಲ, ಅವನನ್ನ ನಗಿಸಿದರೆ ಸಾಕು. ಸಾಮಾನು ಬೇಕು ಅಂತ ಬಂದವನಿಗೆ ಒಂದು ನಿರ್ಧಾರ ಮಾಡಬೇಕಾಗಿರುತ್ತೆ: ಕಾಯಬೇಕಾ, ಬೇರೆ ಕಡೆ ಹೋಗಬೇಕಾ? ಅವನಿಗೆ ಮೊದಲು ಅದರ ಉತ್ತರ ಕೊಡಬೇಕು.

ಹಂಗಾದ್ರೆ ಖಾಲಿ ಪುಟದಲ್ಲಿ ತಮಾಷೆನೇ ಬೇಡವಾ? ನನಗೂ ಹಂಗೇ ಅನ್ನಿಸಿತ್ತು. ಅಷ್ಟರಲ್ಲಿ ಭಾರತ ಹುಣ್ಣಿಮೆ ಬಂತು. 2025ರಲ್ಲಿ ಫೆಬ್ರವರಿ 12, ಬುಧವಾರ. ಆ ದಿನಗಳಲ್ಲಿ ನಮ್ಮೂರ ರಸ್ತೆ ನೋಡಬೇಕು ನೀವು. ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ನಡಕೊಂಡು ಬರೋರು, ಎಲ್ಲ ಕಡೆ "ಉಧೋ ಉಧೋ", ಎಲ್ಲರ ಹಣೆ ಮೇಲೆ ಭಂಡಾರ. ಎಲ್ಲರ ಮನೆಗೂ ಬೀಗರು ಬಂದಿರ್ತಾರೆ. ರೊಟ್ಟಿ ಬಡಿಯೋ ಐದೂ ಜನರ ಮನೆಯಲ್ಲಿ ಅತಿಥಿಗಳೇ ಅತಿಥಿಗಳು. ಅಂಗಡಿಗೆ ರೊಟ್ಟಿ ಬಡಿಯೋರು ಯಾರು? ಕಾಕು ಹೇಳಿದ್ರು, "ಸೋಮವಾರದ ತನಕ ನಮ್ಮ ಕೈಲೆ ಆಗೂದಿಲ್ಲಪಾ. ರೊಟ್ಟಿ ಎಲ್ಲಿ ಅಂದ್ರ ಜಾತ್ರಿಗೆ ಹೋಗ್ಯಾವ ಅನ್ನು."

ಅದೇ ಸಾಲು ಆಯ್ತು. ನಾನು ಬರೆದದ್ದು ಹೀಗೆ:

"ಕಡಕ್ ರೊಟ್ಟಿ: ಸದ್ಯ ಖಾಲಿ. ಎಲ್ಲಮ್ಮನ ಜಾತ್ರಿಗೆ ಹೋಗ್ಯಾವ. ಫೆಬ್ರವರಿ 17, ಸೋಮವಾರ ವಾಪಸ್."

ಈ ಸಾಲಿಗೂ "ನಾಳೆ ಬಾ"ಗೂ ಏನು ವ್ಯತ್ಯಾಸ ಅಂದ್ರೆ, ಇದು ನಿಜ. ರೊಟ್ಟಿ ಯಾಕೆ ಇಲ್ಲ ಅನ್ನೋ ನಿಜವಾದ ಕಾರಣದಿಂದಲೇ ನಗು ಬಂದಿದೆ. ಓದಿದವರಿಗೆ ಖಾಲಿ ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಾಯ್ತು, ಯಾವತ್ತು ಬರುತ್ತೆ ಅಂತ ಗೊತ್ತಾಯ್ತು. ಜಾತ್ರೆ ಮುಗಿದ ಮೇಲೆ ಈ ಸಾಲು ಸುಳ್ಳಾಗುತ್ತೆ, ಆದ್ದರಿಂದ ತೆಗೀಲೇಬೇಕು. ಅದೂ ಒಳ್ಳೇದೇ. ವರ್ಷವಿಡೀ ಇರೋ ಜೋಕ್ ಮೂರನೇ ಸಲ ಓದಿದಾಗ ತಲೆ ತಿನ್ನುತ್ತೆ.

ಆದರೆ ಇಲ್ಲೊಂದು ಕನ್ನಡದ್ದೇ ಆದ ತೊಡಕು ಬಂತು. ನಾನು ಎಲ್ಲ ಸಾಮಾನಿಗೂ ಒಂದೇ ಸಾಲು ಬರಲಿ ಅಂತ ಮಾಡಿದ್ದೆ, ಸಾಮಾನಿನ ಹೆಸರು ಮಾತ್ರ ತಾನಾಗೇ ಬದಲಾಗುತ್ತೆ. ರೊಟ್ಟಿಗೆ "ಹೋಗ್ಯಾವ" ಸರಿ. ಚಟ್ನಿಗೆ? "ಶೇಂಗಾ ಚಟ್ನಿ ಹೋಗ್ಯಾವ" ಅಂತ ಬಂತು. ಚಟ್ನಿ "ಹೋಗೇತಿ" ಆಗಬೇಕು. "ಇದನ್ನು ಕಾಯ್ತಿದ್ದೀರಾ" ಅಂತ ಇನ್ನೊಂದು ಸಾಲಿನಲ್ಲಿ ಹೆಸರಿಗೆ "ಅನ್ನು" ಅಂಟಿಸಿದ್ದೆ, ಅದು "ಕಡಕ್ ರೊಟ್ಟಿಅನ್ನು" ಅಂತ ಬಂತು. "ರೊಟ್ಟಿಯನ್ನು" ಅಂತ ಯಕಾರ ಸೇರಿಸೋಕೆ ಕಂಪ್ಯೂಟರಿಗೆ ಯಾರು ಹೇಳಿಕೊಟ್ಟಿದ್ದಾರೆ? ಇಂಗ್ಲಿಷಿನಲ್ಲಿ ಖಾಲಿ ಜಾಗ ಬಿಟ್ಟು ಹೆಸರು ತುಂಬಿದರೆ ನಡೆಯುತ್ತೆ. ಕನ್ನಡದಲ್ಲಿ ಹೆಸರು ಬದಲಾದರೆ ಬಾಲವೂ ಬದಲಾಗುತ್ತೆ, ಕ್ರಿಯಾಪದವೂ ಬದಲಾಗುತ್ತೆ. ಅದಕ್ಕೆ ಎರಡೇ ದಾರಿ. ಒಂದು, ಮೇಲೆ ಬರೆದ ಹಾಗೆ ಹೆಸರನ್ನ ಬೇರೆ ಇಟ್ಟು, ಎರಡು ಚುಕ್ಕಿ ಹಾಕಿ, "ಸದ್ಯ ಖಾಲಿ" ಅನ್ನೋದು. ಅದು ಎಲ್ಲಕ್ಕೂ ಹೊಂದುತ್ತೆ. ಇನ್ನೊಂದು, ತಮಾಷೆ ಸಾಲನ್ನ ಪ್ರತಿ ಸಾಮಾನಿಗೂ ಕೈಯಿಂದ ಬರೆಯೋದು. ನಮ್ಮಲ್ಲಿರೋದು ಐದು ಸಾಮಾನು, ಐದು ಸಾಲು ಬರೆದೆ.

ಬಟನ್ ಮೇಲೂ ತಮಾಷೆ ಮಾಡಿದ್ದೆ. "ಬಂದಾಗ ತಿಳಿಸಿ" ಅಂತ ಬರೆಯೋ ಬದಲು "ಕರಕೊಂಡ ಬರ್ರಿ" ಅಂತ. ಜಾತ್ರೆಯಿಂದ ರೊಟ್ಟಿನ ಕರಕೊಂಡು ಬರ್ರಿ ಅನ್ನೋ ಅರ್ಥದಲ್ಲಿ. ಎರಡು ದಿನ ಒಬ್ಬರೂ ಒತ್ತಲಿಲ್ಲ. ಒತ್ತಿದರೆ ಏನಾಗುತ್ತೆ ಅಂತ ಗೊತ್ತಾಗದ ಬಟನ್ನು ಯಾರು ಒತ್ತುತ್ತಾರೆ? ದುಡ್ಡು ಕಟ್ ಆದರೆ? "ಬಂದಾಗ ತಿಳಿಸಿ" ಅಂತ ಬದಲಿಸಿದೆ, ಒತ್ತಿದರೆ ನಮ್ಮ ವಾಟ್ಸಾಪಿಗೆ "ಕಡಕ್ ರೊಟ್ಟಿ ಬಂದಾಗ ತಿಳಿಸಿ" ಅಂತ ಬರೆದೇ ಇರೋ ಮೆಸೇಜ್ ತೆರೆಯುತ್ತೆ. ಅವತ್ತೇ ಏಳು ಮೆಸೇಜ್ ಬಂತು. ಸಾಲಿನಲ್ಲಿ ನಗಿಸಿ, ಬಟನ್ನಿನಲ್ಲಿ ನಗಿಸಬೇಡಿ.

ಇನ್ನು ನಾಲ್ಕನೇದು. ಇದನ್ನ ಹೇಳೋಕೆ ಸ್ವಲ್ಪ ನಾಚಿಕೆ.

ಹುಣ್ಣಿಮೆಗೆ ಎರಡು ದಿನ ಮೊದಲು, ರೊಟ್ಟಿ ಇನ್ನೂ ಪೂರ್ತಿ ಖಾಲಿ ಆಗಿರಲಿಲ್ಲ. ಅಂಗಡಿಯ ಲೆಕ್ಕದಲ್ಲಿ 12 ಪ್ಯಾಕೆಟ್ ಇತ್ತು. ಹುಬ್ಬಳ್ಳಿಯಿಂದ ಒಬ್ಬ ಅಕ್ಕ ಮಗಳ ನಿಶ್ಚಯಕ್ಕೆ ಅಂತ 12ನ್ನೂ ಆರ್ಡರ್ ಮಾಡಿ ದುಡ್ಡು ಹಾಕಿದ್ರು. ನಾನು ಪ್ಯಾಕ್ ಮಾಡೋಕೆ ಹೋದರೆ ಡಬ್ಬಿಯಲ್ಲಿ ಮೂರೇ ಪ್ಯಾಕೆಟ್. ಒಂಬತ್ತನ್ನ ಕಾಕು ಮನೆ ಬಾಗಿಲಿಗೆ ಬಂದ ಜಾತ್ರೆಯವರಿಗೆ ಮಾರಿದ್ದರು. ಕಾಕುದು ತಪ್ಪಲ್ಲ, ಬಾಗಿಲಿಗೆ ಬಂದವರಿಗೆ ಇಟ್ಟುಕೊಂಡು ಇಲ್ಲ ಅನ್ನೋಕಾಗುತ್ತಾ? ಬಾಗಿಲಲ್ಲಿ ಮಾರಿದ್ದು ಕಂಪ್ಯೂಟರಿಗೆ ಗೊತ್ತಾಗೋ ವ್ಯವಸ್ಥೆ ನಾನು ಮಾಡಿರಲಿಲ್ಲ.

ನಾನು ಆರ್ಡರ್ ರದ್ದು ಮಾಡಿ, ದುಡ್ಡು ವಾಪಸ್ ಹಾಕಿ, ಮೆಸೇಜ್ ಕಳಿಸಿದೆ. ಏನಂತ? "ನಿಮ್ಮ ರೊಟ್ಟಿ ಎಲ್ಲಮ್ಮನ ಜಾತ್ರಿಗೆ ಹೋಗ್ಯಾವ, ಸೋಮವಾರ ವಾಪಸ್." ಅದೇ ಸಾಲು. ಪುಟದಲ್ಲಿ ಎಲ್ಲರೂ ನಕ್ಕ ಸಾಲು.

ಅವರು ಫೋನ್ ಮಾಡಿ ಬೈಯಲಿಲ್ಲ. ಒಂದೇ ಮಾತು ಬರೆದ್ರು: "ಸೋಮವಾರ ಬಂದು ಏನು ಮಾಡಲಿ, ನಿಶ್ಚಯ ಶುಕ್ರವಾರ ಐತಿ." ಮತ್ತೆ ಅವರು ಯಾವತ್ತೂ ಆರ್ಡರ್ ಮಾಡಲಿಲ್ಲ. ಪ್ರತಿ ತಿಂಗಳು ತೊಗೋತಿದ್ದವರು.

ಅದೇ ಸಾಲು ಒಂದು ಕಡೆ ಚೆಂದ, ಇನ್ನೊಂದು ಕಡೆ ಕೆಟ್ಟದ್ದು, ಯಾಕೆ? ಪುಟ ನೋಡಿದವನು ಇನ್ನೂ ಏನೂ ಕೊಟ್ಟಿಲ್ಲ. ಈ ಅಕ್ಕ ದುಡ್ಡು ಕೊಟ್ಟಿದ್ದರು, ನಮ್ಮನ್ನ ನಂಬಿ ಬೇರೆ ಕಡೆ ಹೇಳದೆ ಬಿಟ್ಟಿದ್ದರು. ನಾವು ಮಾತು ತಪ್ಪಿದ್ವಿ. ಮಾತು ತಪ್ಪಿದವನು ಜೋಕ್ ಹೊಡೆದರೆ ಹೇಗಿರುತ್ತೆ? ಅಲ್ಲಿ ಬೇಕಾಗಿದ್ದು ಒಂದು ಫೋನು, ಮೆಸೇಜ್ ಅಲ್ಲ. "ಅಕ್ಕಾರ, ತಪ್ಪು ನಮ್ಮದು. ದುಡ್ಡು ವಾಪಸ್ ಹಾಕೀವಿ. ಮೂರು ಪ್ಯಾಕೆಟ್ ಅದಾವ, ಕಳಸ್ಲೇನು? ಉಳಿದದ್ದಕ್ಕ ಹುಬ್ಬಳ್ಳ್ಯಾಗ ಎಲ್ಲಿ ಸಿಗ್ತೈತಿ ಕೇಳಿ ಹೇಳ್ತೀನಿ." ಅಷ್ಟು.

ಆಮೇಲೆ ಒಂದು ಸಣ್ಣ ಬದಲಾವಣೆ ಮಾಡಿದೆ. ವೂಕಾಮರ್ಸಿನಲ್ಲಿ `Out of stock threshold` ಅಂತ ಒಂದು ಸಂಖ್ಯೆ ಇರುತ್ತೆ, ಮೊದಲಿಂದ ಸೊನ್ನೆ ಇರುತ್ತೆ. ಅದನ್ನ 10 ಮಾಡಿದೆ. ಅಂದ್ರೆ ಲೆಕ್ಕದಲ್ಲಿ 10 ಉಳಿದಾಗಲೇ ಅಂಗಡಿ "ಖಾಲಿ" ಅನ್ನುತ್ತೆ, ಆ ಹತ್ತು ಬಾಗಿಲಿಗೆ ಬರೋರಿಗೆ ಮೀಸಲು. ಈ ಸಂಖ್ಯೆ ಅಂಗಡಿಯ ಎಲ್ಲ ಸಾಮಾನಿಗೂ ಒಂದೇ, ಹಾಗಾಗಿ ಚಟ್ನಿಗೂ ಹತ್ತು ಡಬ್ಬಿ ಉಳಿದಿರುತ್ತೆ, ಅದು ಸ್ವಲ್ಪ ನಷ್ಟವೇ. ಮತ್ತೆ ರಾತ್ರಿ ಒಂಬತ್ತಕ್ಕೆ ಕಾಕು ಡಬ್ಬಿ ಎಣಿಸಿ ನನಗೆ ಹೇಳ್ತಾರೆ, ನಾನು ಲೆಕ್ಕ ತಿದ್ದುತೀನಿ. ಇದಕ್ಕಿಂತ ದೊಡ್ಡ ತಂತ್ರಜ್ಞಾನ ನಮ್ಮಲ್ಲಿಲ್ಲ.

ನಿಮ್ಮದೂ ಇಂಥ ಸಣ್ಣ ಅಂಗಡಿ ಇದ್ದರೆ, ಸಾಲು ಸರಿ ಇದೆಯಾ ಇಲ್ಲವಾ ಅಂತ ತಿಳಿಯೋಕೆ ಒಂದು ಸುಲಭ ದಾರಿ ಇದೆ. ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ. "ಯಾವಾಗ ಬರ್ತೈತಿ" ಅಂತ ಯಾರಾದರೂ ಕೇಳಿದರೆ ಒಂದು ಗೀಟು ಹಾಕಿ. ಪುಟ ನೋಡಿಯೂ ಫೋನ್ ಮಾಡಬೇಕಾಯ್ತು ಅಂದ್ರೆ ಆ ಪುಟ ಅವರಿಗೆ ಏನೂ ಹೇಳಲಿಲ್ಲ ಅಂತ. ಎಷ್ಟು ಜನ ನಕ್ಕರು ಅನ್ನೋದು ಲೆಕ್ಕಕ್ಕಿಲ್ಲ. ನನ್ನ "ನಾಳೆ ಬಾ"ಗೆ ಸ್ಟೇಟಸ್ ಹಾಕಿಕೊಂಡ ಇಬ್ಬರೂ ರೊಟ್ಟಿ ತಗೊಳ್ಳಲಿಲ್ಲ.

ಕಾಕು ಹುಡುಕಿದ ದಾರಿ ಅಂದ್ನಲ್ಲ, ಅದನ್ನ ಹೇಳಿ ಮುಗಿಸ್ತೀನಿ. ಅವರಿಗೆ "ಹೆಚ್ಚಾಗೇತಿ" ಬಿಡೋಕೆ ಮನಸ್ಸಿಲ್ಲ. ಹೋದ ವಾರ ಗುರೆಳ್ಳು ಚಟ್ನಿ ತೀರಿದಾಗ ಅವರೇ ಕೂತು ಹೇಳಿ ಬರೆಸಿದ್ರು. ಈಗ ಅಂಗಡಿಯಲ್ಲಿ ಇರೋದು ಇದು:

"ಗುರೆಳ್ಳು ಚಟ್ನಿ: ಸದ್ಯ ಖಾಲಿ. ನಮ್ಮ ಕಾಕು 'ಇಲ್ಲ' ಅನ್ನೂದಿಲ್ಲ, 'ಹೆಚ್ಚಾಗೇತಿ' ಅಂತಾರ. ಗುರುವಾರ ಖರೇನ ಹೆಚ್ಚಾಗ್ತೈತಿ."

ಆ ಸಾಲು ಹಾಕಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡೇ ಗೀಟು. ಅದರಲ್ಲಿ ಒಂದು ಫೋನು ಆ ಧಾರವಾಡದ ಅಜ್ಜಿದು. "ಗುರುವಾರ ಅಂದ್ರ ಗುರುವಾರನೇ ಹೌದಲ್ಲೋ?" ಅಂತ ಕೇಳಿದ್ರು. ಹೌದು ಅಜ್ಜಿ ಅಂದೆ. ಈಗ ಗುರುವಾರ ಆಗಲೇಬೇಕು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ "ಇಲ್ಲ" ಅನ್ನೋಕೆ ಏನಂತಾರೆ, ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರಿ, ನಮಸ್ಕಾರ.